ಧಾರವಾಡ ಪೇಡಾಕ್ಕೆ ಕಂದು ಬಣ್ಣ ಬರೋದು ಸಕ್ಕರೆಯಿಂದಲ್ಲ: ಖೋವಾ ಹುರಿಯುವ ಸರಿಯಾದ ಕ್ರಮ

ಮನೆಯಲ್ಲಿ ಧಾರವಾಡ ಪೇಡಾ ಮಾಡಲು ಹೊರಟವರ ದೂರು ಸಾಮಾನ್ಯವಾಗಿ ಮೂರೇ. ಎಷ್ಟು ಹುರಿದರೂ ಬಣ್ಣ ಬರಲಿಲ್ಲ. ಬಣ್ಣ ಬಂತು, ಆದರೆ ಕಹಿ. ಬಣ್ಣ, ರುಚಿ ಎರಡೂ ಬಂತು, ಮರುದಿನ ನೋಡಿದರೆ ಕಲ್ಲು. ಮೂರಕ್ಕೂ ಬೇರು ಒಂದೇ: ಸಕ್ಕರೆ ಹುರಿದು ಕಂದಾಗಬೇಕು ಅಂದುಕೊಂಡು ಅದನ್ನು ಮೊದಲೇ ಸುರಿಯುವುದು, ಆಮೇಲೆ ಉರಿ ಜೋರು ಮಾಡುವುದು.

ಪೇಡಾದ ಕಂದು ಬಣ್ಣದಲ್ಲಿ ಹೆಚ್ಚಿನ ಪಾಲು ಹಾಲಿನದ್ದೇ. ನಾವು ಹಾಕುವ ಸಕ್ಕರೆಯ ಪಾಲು ತುಂಬಾ ಕಡಿಮೆ. ಇದು ಗೊತ್ತಾದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ತಾನಾಗೇ ಗೊತ್ತಾಗುತ್ತದೆ. ಕೆಳಗಿರುವುದು ಮನೆಯ ಒಲೆಗೆ ಹೊಂದುವ ವಿಧಾನ. ಧಾರವಾಡದ ಅಂಗಡಿಗಳ ಗುಟ್ಟು ಅಲ್ಲ, ಅದನ್ನು ಅವರು ಹೇಳುವುದೂ ಇಲ್ಲ.

## ಶುರು ಮಾಡುವ ಮುಂಚೆ: ಎರಡು ಕ್ರಿಯೆ, ಎರಡು ದಾರಿ

ಮೊದಲನೆಯದು ಮೈಲಾರ್ಡ್ ಕ್ರಿಯೆ. ಇದಕ್ಕೆ ಇಬ್ಬರು ಬೇಕು: ಪ್ರೋಟೀನಿನ ಒಂದು ಅಮೈನೋ ತುದಿ, ಮತ್ತು ಬಿಡುವಾದ ತುದಿ ಇರುವ ಒಂದು ಸಕ್ಕರೆ. ಹಾಲಿನಲ್ಲಿ ಇಬ್ಬರೂ ಇದ್ದಾರೆ. ಪ್ರೋಟೀನಿನಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ ಇದೆ, ಸಕ್ಕರೆಯಾಗಿ ಲ್ಯಾಕ್ಟೋಸ್ ಇದೆ. ಬಿಸಿಗೆ ಇವೆರಡೂ ಅಂಟಿಕೊಳ್ಳುತ್ತವೆ, ಆಮೇಲೆ ಒಡೆದು, ಮತ್ತೆ ಸೇರಿ, ಕೊನೆಗೆ ಮೆಲನಾಯ್ಡಿನ್ ಅನ್ನೋ ಕಂದು ವಸ್ತುಗಳಾಗುತ್ತವೆ. ದಾರಿಯುದ್ದಕ್ಕೂ ಹುಟ್ಟುವ ನೂರಾರು ಸಣ್ಣ ಅಣುಗಳೇ ಆ ಹುರಿದ ಘಮ.

ಎರಡನೆಯದು ಕ್ಯಾರಮಲ್ ಆಗುವುದು. ಇದಕ್ಕೆ ಪ್ರೋಟೀನ್ ಬೇಡ. ಸಕ್ಕರೆಯೊಂದೇ ಬಿಸಿಗೆ ನೀರು ಕಳೆದುಕೊಂಡು ಒಡೆಯುತ್ತದೆ. ಆದರೆ ಬಿಸಿ ಜಾಸ್ತಿ ಬೇಕು. ನಾವು ಬಳಸುವ ಸಕ್ಕರೆ, ಅಂದರೆ ಸುಕ್ರೋಸ್, ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಬಣ್ಣ ತಿರುಗುತ್ತದೆ.

ಈಗ ಮುಖ್ಯ ವಿಷಯ. ಸುಕ್ರೋಸ್ ಅಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಜೋಡಿ. ಇವೆರಡೂ ತಮ್ಮ ಚುರುಕಾದ ತುದಿಗಳಿಂದಲೇ ಒಂದಕ್ಕೊಂದು ಅಂಟಿಕೊಂಡಿವೆ. ಹಾಗಾಗಿ ಪ್ರೋಟೀನಿಗೆ ಹಿಡಿದುಕೊಳ್ಳಲು ತುದಿಯೇ ಸಿಗಲ್ಲ. ಆ ಜೋಡಿ ಒಡೆಯುವವರೆಗೆ ನೀವು ಸುರಿದ ಸಕ್ಕರೆ ಮೈಲಾರ್ಡ್ ಕ್ರಿಯೆಗೆ ಸೇರುವುದೇ ಇಲ್ಲ. ಅದು ಕ್ಯಾರಮಲ್ ಆಗೋಣ ಅಂದರೆ ಬಾಣಲೆಯಲ್ಲಿರುವ ಖೋವಾ 160 ಡಿಗ್ರಿ ಮುಟ್ಟುವ ಹೊತ್ತಿಗೆ ಸೀದು ಕರಕಲಾಗಿರುತ್ತದೆ. ಅಂದರೆ ಖೋವಾ ಜೊತೆ ಇರುವಾಗ ಸಕ್ಕರೆ ಬಹುಮಟ್ಟಿಗೆ ಸಿಹಿ ಕೊಡುತ್ತದೆ, ಅಷ್ಟೇ. ಬಣ್ಣಕ್ಕೆ ಲ್ಯಾಕ್ಟೋಸನ್ನೇ ನಂಬಬೇಕು.

ಇನ್ನೊಂದು ಅಡ್ಡಿ ನೀರು. ನೀರು ಧಾರಾಳವಾಗಿ ಇರುವಷ್ಟು ಹೊತ್ತು ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿ ಮೈಲಾರ್ಡ್ ನಡೆಯುತ್ತದೆ, ಆದರೆ ಬಲು ನಿಧಾನ. ನೀರು ಆರಿದ ಹಾಗೆ ಬಿಸಿ ಏರುತ್ತದೆ, ಪ್ರೋಟೀನ್ ಮತ್ತು ಲ್ಯಾಕ್ಟೋಸ್ ಹತ್ತಿರ ಹತ್ತಿರ ಬರುತ್ತವೆ, ಬಣ್ಣ ಓಡಲು ಶುರು. ಕೆಳಗಿನ ಕ್ರಮವನ್ನು ಹೀಗೆ ನೆನಪಿಟ್ಟುಕೊಳ್ಳಿ: ಮೊದಲು ಆರಿಸು, ಆಮೇಲೆ ಕಂದಾಗಿಸು, ಕೊನೆಗೆ ಸಿಹಿ ಸೇರಿಸು.

## ಬೇಕಾದ ಸಾಮಾನು

- ಕೆನೆಭರಿತ ಹಾಲು 2 ಲೀಟರ್, ಚಿಮುಕಿಸಲು ಮತ್ತು ಕ್ಯಾರಮಲ್‌ಗೆ ಬೇರೆ 150 ಮಿಲಿ
- ಸಕ್ಕರೆ 120 ಗ್ರಾಂ: 90 ಒಂದು ಕಡೆ, 30 ಇನ್ನೊಂದು ಕಡೆ
- ತುಪ್ಪ 2 ಚಮಚ, ಏಲಕ್ಕಿ ಪುಡಿ ಚಿಟಿಕೆ, ಹೊರಳಿಸಲು ಪುಡಿ ಸಕ್ಕರೆ
- ದಪ್ಪ ತಳದ ಅಗಲ ಬಾಣಲೆ, ಅಂಚು ಚಪ್ಪಟೆಯಾಗಿರುವ ಮರದ ಸಟ್ಟುಗ
- ಕ್ಯಾರಮಲ್‌ಗೆ ಒಂದು ಸಣ್ಣ ಸ್ಟೀಲ್ ಪಾತ್ರೆ
- ಅಡುಗೆ ತಕ್ಕಡಿ

ತಕ್ಕಡಿ ಬಿಟ್ಟರೆ ಆಗಲ್ಲ. ಖಾಲಿ ಬಾಣಲೆಯ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ನೀರು ಎಷ್ಟು ಹೋಯಿತು ಅನ್ನೋದನ್ನು ಕಣ್ಣಿಗಿಂತ ತಕ್ಕಡಿ ಚೆನ್ನಾಗಿ ಹೇಳುತ್ತದೆ. ಕಡ್ಡಿ ಥರ್ಮಾಮೀಟರ್ ಇದ್ದರೆ ಒಳ್ಳೇದು, ಇಲ್ಲದಿದ್ದರೆ ಮೂಗು ಸಾಕು.

ತೆಳು ಸ್ಟೀಲ್ ಬಾಣಲೆ ಬೇಡವೇ ಬೇಡ. ಅದರಲ್ಲಿ ಉರಿ ತಾಗುವ ಜಾಗ ಕೆಂಡವಾಗುತ್ತದೆ, ಪಕ್ಕದಲ್ಲಿ ಬಿಸಿಯೇ ಇರಲ್ಲ. ಒಂದೇ ಬಾಣಲೆಯಲ್ಲಿ ಸೀದದ್ದೂ ಬೆಳ್ಳಗಿರುವುದೂ ಸಿಗುತ್ತದೆ.

## ಹಂತ 1: ಹಾಲನ್ನು ಖೋವಾ ಮಾಡುವುದು

2 ಲೀಟರ್ ಹಾಲನ್ನು ಬಾಣಲೆಗೆ ಹಾಕಿ ಕುದಿ ಬಂದ ಮೇಲೆ ಮಧ್ಯಮ ಉರಿಯಲ್ಲಿ ಬತ್ತಿಸಿ. ತಳ ಕೆರೆಯುತ್ತಾ ಇರಿ, ಅಂಚಿಗೆ ಅಂಟಿದ ಕೆನೆಯನ್ನು ಮತ್ತೆ ಒಳಗೆ ತಳ್ಳಿ. ಸುಮಾರು ಒಂದು ಗಂಟೆ ಹಿಡಿಯುತ್ತದೆ. ಬಾಣಲೆಯ ತೂಕ ಕಳೆದು 430–440 ಗ್ರಾಂ ಉಳಿದಾಗ ಖೋವಾ ಆಯಿತು. ಆಗ ಅದರಲ್ಲಿ ನೂರಕ್ಕೆ ಮೂವತ್ತರಷ್ಟು ನೀರು ಇನ್ನೂ ಇರುತ್ತದೆ. ಬಣ್ಣ ಕೆನೆಯದ್ದು, ಹೆಚ್ಚೆಂದರೆ ತುಸು ಹಳದಿ.

ಇಲ್ಲಿ ಒಂದು ಅಡ್ಡದಾರಿ ಬಹಳ ಓಡಾಡುತ್ತಿದೆ: ನಿಂಬೆರಸ ಹಾಕಿ ಹಾಲು ಒಡೆಸಿ, ಸೋಸಿ, ಆ ಪನೀರನ್ನು ಹುರಿಯುವುದು. ಬೇಗ ಆಗುತ್ತದೆ, ನಿಜ. ಆದರೆ ಲ್ಯಾಕ್ಟೋಸ್ ನೀರಿನಲ್ಲಿ ಕರಗಿರುತ್ತದೆ, ಸೋಸಿದ ತಿಳಿನೀರಿನ ಜೊತೆ ಹೆಚ್ಚಿನದು ಚರಂಡಿ ಸೇರುತ್ತದೆ. ಪನೀರನ್ನು ತೊಳೆದರಂತೂ ಉಳಿದ ಚೂರೂ ಹೋಯಿತು. ಆಮೇಲೆ ಪ್ರೋಟೀನ್ ಇದೆ, ಅದಕ್ಕೆ ಜೊತೆಗಾರನೇ ಇಲ್ಲ. "ಅರ್ಧ ಗಂಟೆ ಹುರಿದೆ, ಇನ್ನೂ ಬೆಳ್ಳಗೇ ಇದೆ" ಅನ್ನುವವರಲ್ಲಿ ಬಹಳ ಜನ ಈ ದಾರಿ ಹಿಡಿದವರೇ. ಜೊತೆಗೆ ನಿಂಬೆಯ ಹುಳಿಯೂ ಮೈಲಾರ್ಡ್ ಕ್ರಿಯೆಯನ್ನು ನಿಧಾನ ಮಾಡುತ್ತದೆ.

ಆ ದಾರಿಯಲ್ಲೇ ಹೋಗಬೇಕು ಅಂದರೆ ಲ್ಯಾಕ್ಟೋಸನ್ನು ವಾಪಸ್ ಕೊಡಿ. ಹುರಿಯುವಾಗ ಆಗಾಗ ಹಾಲು ಚಿಮುಕಿಸಿ, ಅಥವಾ 3–4 ಚಮಚ ಕೆನೆ ತೆಗೆದ ಹಾಲಿನ ಪುಡಿ ಸೇರಿಸಿ. ಆ ಪುಡಿಯ ತೂಕದಲ್ಲಿ ಸರಿಸುಮಾರು ಅರ್ಧ ಲ್ಯಾಕ್ಟೋಸೇ.

ಅಂಗಡಿಯ ಖೋವಾ ತಂದರೆ ಪಿಷ್ಟ ಬೆರೆಸಿದ್ದಾರಾ ನೋಡಿಕೊಳ್ಳಿ. ಒಂದು ಚೂರನ್ನು ನೀರಿನಲ್ಲಿ ಕುದಿಸಿ, ಪೂರ್ತಿ ತಣ್ಣಗಾದ ಮೇಲೆ ಎರಡು ಹನಿ ಟಿಂಚರ್ ಅಯೋಡಿನ್ ಬಿಡಿ. ನೀಲಿಗೆ ತಿರುಗಿದರೆ ಪಿಷ್ಟ ಇದೆ. ಅಂಥದ್ದು ಹುರಿಯುವಾಗ ಅಂಟಂಟಾಗಿ ಉಂಡೆ ಕಟ್ಟುತ್ತದೆ, ಒಳಗಿನ ನೀರು ಬಿಡುವುದೇ ಇಲ್ಲ.

## ಹಂತ 2: ಸಕ್ಕರೆ ಇಲ್ಲದೆ ಹುರಿಯುವುದು

ಎಲ್ಲ ನಿಂತಿರುವುದು ಈ ಹಂತದ ಮೇಲೆ. ಖೋವಾವನ್ನು ಪುಡಿ ಪುಡಿಯಾಗಿ ಬಿಡಿಸಿ, ಒಂದು ಚಮಚ ತುಪ್ಪ ಹಾಕಿ, ಸಣ್ಣ ಮಧ್ಯಮ ಉರಿಯಲ್ಲಿ ಹುರಿಯಲು ಶುರು ಮಾಡಿ. ಮೊದಲ ಹತ್ತು ನಿಮಿಷ ಏನೂ ಆಗದಂತೆ ಕಾಣುತ್ತದೆ. ಆವಿ ಏಳುತ್ತಿರುತ್ತದೆ, ಬಣ್ಣ ಹಾಗೇ ಇರುತ್ತದೆ. ಇಲ್ಲೇ ಜನ ತಾಳ್ಮೆ ಕಳೆದುಕೊಂಡು ಉರಿ ಏರಿಸುವುದು. ಏರಿಸಬೇಡಿ. ಒಳಗಿನ ನೀರು ಇನ್ನೂ ಹೋಗಿಲ್ಲ, ನೀವು ಏರಿಸಿದ ಬಿಸಿ ತಳದ ಪದರಕ್ಕೆ ಮಾತ್ರ ಹೋಗುತ್ತದೆ.

ಆವಿ ಕಡಿಮೆಯಾದ ಮೇಲೆ ಸದ್ದು ಬದಲಾಗುತ್ತದೆ. ಚುಂಯ್‌ಗುಟ್ಟುತ್ತಿದ್ದದ್ದು ನಿಂತು, ಸಟ್ಟುಗ ಆಡಿಸಿದಾಗ ಮರಳು ಸರಿಸಿದ ಹಾಗೆ ಒಣ ಸದ್ದು ಬರುತ್ತದೆ. ಖೋವಾ ಉಂಡೆಯಾಗಿದ್ದದ್ದು ರವೆಯಂತೆ ಬಿಡಿಬಿಡಿ ಆಗುತ್ತದೆ, ಅಂಚಿನಲ್ಲಿ ತುಪ್ಪ ಬಿಡುತ್ತದೆ. ಥರ್ಮಾಮೀಟರ್ ಚುಚ್ಚಿದರೆ 105 ದಾಟಿ 110 ಕಡೆ ಹೊರಟಿರುತ್ತದೆ. ಇನ್ನು ಬಣ್ಣ ಬರುವುದು ಬೇಗ.

ಈಗ ಬಾಣಲೆಯ ತಳ ನೋಡಿ. ಅಲ್ಲೊಂದು ಕಂದು ಪೊರೆ ಕಟ್ಟಿರುತ್ತದೆ. ಮೈಲಾರ್ಡ್ ಎಲ್ಲಕ್ಕಿಂತ ಜೋರಾಗಿ ನಡೆಯುವುದು ಆ ಪೊರೆಯಲ್ಲಿ, ಯಾಕೆಂದರೆ ಅದು ಪೂರ್ತಿ ಒಣಗಿದೆ ಮತ್ತು ಲೋಹಕ್ಕೆ ಅಂಟಿದೆ. ಅದನ್ನು ಹಾಗೇ ಬಿಟ್ಟರೆ ಎರಡು ನಿಮಿಷದಲ್ಲಿ ಸೀಯುತ್ತದೆ. ಸುಮ್ನೆ ಕೆರೆದರೆ ಚಕ್ಕೆಗಳಾಗಿ ಎದ್ದು ಪೇಡಾದಲ್ಲಿ ಕಪ್ಪು ಚುಕ್ಕೆ ಆಗುತ್ತದೆ. ಅದಕ್ಕೆ ಮಾಡಬೇಕಾದ್ದು ಇದು: ಖೋವಾವನ್ನು ಒಂದು ಬದಿಗೆ ಸರಿಸಿ, ಖಾಲಿ ತಳಕ್ಕೆ ಒಂದು ಚಮಚ ಹಾಲು ಬಿಟ್ಟು, ಚುರ್ ಅನ್ನುವಾಗಲೇ ಸಟ್ಟುಗದ ಚಪ್ಪಟೆ ಅಂಚಿನಿಂದ ಉಜ್ಜಿ. ಪೊರೆ ಹಾಲಿನಲ್ಲಿ ಕರಗಿ ಕಾಫಿ ಬಣ್ಣದ ರಸವಾಗುತ್ತದೆ. ಅದನ್ನು ಖೋವಾಗೆ ಬೆರೆಸಿ ಮತ್ತೆ ಹರಡಿ.

ಹೀಗೆ ಎರಡು ಮೂರು ನಿಮಿಷಕ್ಕೊಮ್ಮೆ ಮಾಡುತ್ತಾ ಹೋಗಿ, ಒಟ್ಟು 100 ಮಿಲಿ ಹಾಲು ಮುಗಿಯುವವರೆಗೆ. ಪ್ರತಿ ಚಮಚವೂ ಮೂರು ಕೆಲಸ ಮಾಡುತ್ತದೆ: ತಳದ ಬಣ್ಣವನ್ನು ಇಡೀ ಖೋವಾಗೆ ಹಂಚುತ್ತದೆ, ಬಿಸಿಯನ್ನು ಕೆಳಗಿಳಿಸುತ್ತದೆ, ಹೊಸ ಲ್ಯಾಕ್ಟೋಸ್ ತರುತ್ತದೆ. ಒಂದೇ ಸಲ ಅರ್ಧ ಲೋಟ ಸುರಿದರೆ ಮತ್ತೆ ಆರಿಸುವ ಕೆಲಸ ಮೊದಲಿನಿಂದ.

ಒಟ್ಟು 25ರಿಂದ 35 ನಿಮಿಷ ಬೇಕಾದೀತು. ಗಡಿಯಾರಕ್ಕಿಂತ ವಾಸನೆ ನಂಬಿ. ಮೊದಲು ಕಾಯಿಸಿದ ಹಾಲಿನ ವಾಸನೆ. ಆಮೇಲೆ ಬಿಸ್ಕತ್ತಿನ ವಾಸನೆ, ಲ್ಯಾಕ್ಟೋಸಿನಿಂದ ಹುಟ್ಟುವ ಮಾಲ್ಟಾಲ್ ಅನ್ನೋ ವಸ್ತುವಿಗೆ ಇದರಲ್ಲಿ ದೊಡ್ಡ ಪಾಲು. ಆಮೇಲೆ ಹುರಿದ ಕಡಲೆಕಾಯಿಯ ಥರದ ಘಮ, ಅದು ಪೈರಜಿನ್‌ಗಳದ್ದು. ಈ ಕಡಲೆಕಾಯಿ ಘಮ ಗಟ್ಟಿಯಾಗಿ ಬಂದ ಕೂಡಲೇ ನಿಲ್ಲಿಸಬೇಕು. ಅದರ ನಂತರ ಬರುವುದು ಮೂಗಿಗೆ ಚುಚ್ಚುವ ಹೊಗೆ ವಾಸನೆ, ಅದು ಬಂದ ಮೇಲೆ ಹಿಂದಕ್ಕೆ ಬರಲು ಆಗಲ್ಲ.

ಬಣ್ಣ ಎಷ್ಟಿರಬೇಕು? ನಿಮಗೆ ಬೇಕಾದ ಪೇಡಾ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾಗಿರುವಾಗಲೇ ಒಲೆ ಆರಿಸಿ. ದಪ್ಪ ಬಾಣಲೆಯಲ್ಲಿ ಬಿಸಿ ಉಳಿದಿರುತ್ತದೆ, ಮುಂದಿನ ಹಂತಗಳಲ್ಲೂ ಬಣ್ಣ ಏರುತ್ತದೆ.

ಸೋಡಾ ಹಾಕಬಹುದಾ? ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬಣ್ಣ ನಿಜಕ್ಕೂ ಬೇಗ ಬರುತ್ತದೆ, ಕ್ಷಾರದಲ್ಲಿ ಲೈಸಿನ್‌ನ ತುದಿ ಇನ್ನೂ ಚುರುಕಾಗುತ್ತದೆ. ಆದರೆ ಬಣ್ಣದ ವೇಗಕ್ಕೆ ಘಮ ಓಡಲ್ಲ. ಕಂದು ಆಯಿತು ಅಂತ ಇಳಿಸಿಬಿಡುತ್ತೀರಿ, ಬಾಯಿಗಿಟ್ಟರೆ ಹುರಿದ ರುಚಿಯೇ ಇಲ್ಲ, ಸ್ವಲ್ಪ ಹೆಚ್ಚಾದರೆ ಸೋಪಿನ ರುಚಿ. ಹಾಲು ಒಡೆಸಿ ಮಾಡಿದವರು ಹುಳಿ ತಗ್ಗಿಸಲು ಒಂದೇ ಒಂದು ಚಿಟಿಕೆ ಬಳಸಲಿ. ಖೋವಾದವರಿಗೆ ಬೇಡ.

## ಹಂತ 3: ಕ್ಯಾರಮಲ್ ಬೇರೆ ಪಾತ್ರೆಯಲ್ಲಿ

ಇದು ಕಡ್ಡಾಯ ಅಲ್ಲ. ಆದರೆ ಎರಡು ಕ್ರಿಯೆಗಳ ರುಚಿ ಬೇರೆ ಬೇರೆ ಅಂತ ನಾಲಿಗೆಗೆ ತಿಳಿಯಬೇಕಾದರೆ ಒಮ್ಮೆ ಮಾಡಿ ನೋಡಿ.

ಮೊದಲು 50 ಮಿಲಿ ಹಾಲನ್ನು ಪಕ್ಕದಲ್ಲಿ ಬಿಸಿ ಮಾಡಿಟ್ಟುಕೊಳ್ಳಿ. ಸಣ್ಣ ಪಾತ್ರೆಯಲ್ಲಿ 30 ಗ್ರಾಂ ಸಕ್ಕರೆಯನ್ನು ನೀರು ಹಾಕದೆ ಸಣ್ಣ ಉರಿಯಲ್ಲಿ ಇಡಿ. ಚಮಚ ಆಡಿಸಬೇಡಿ, ಪಾತ್ರೆಯನ್ನೇ ತಿರುಗಿಸಿ. ಅಂಚಿನಿಂದ ಕರಗಿ, ತಿಳಿ ಹಳದಿಯಾಗಿ, ಜೇನಿನ ಬಣ್ಣಕ್ಕೆ ಬರುತ್ತದೆ. ಜೇನಿನ ಬಣ್ಣ ದಾಟಿ ಕೆಂಪು ಛಾಯೆ ಬಂದಾಗ, ಅಂದರೆ ಸುಮಾರು 170–175 ಡಿಗ್ರಿಯಲ್ಲಿ, ಒಲೆ ಆರಿಸಿ. ಅಲ್ಲಿಂದ ಕಪ್ಪಾಗಲು ಅರ್ಧ ನಿಮಿಷವೂ ಬೇಡ. 190 ಹತ್ತಿರ ಹೋದರೆ ಸಿಹಿ ಕಳೆದು ಬರೀ ಕಹಿ.

ಈಗ ಬಿಸಿ ಹಾಲನ್ನು ಸ್ವಲ್ಪ ಸ್ವಲ್ಪ ಬಿಡಿ. ಎಚ್ಚರ: ಅದು ಜೋರಾಗಿ ಉಕ್ಕುತ್ತದೆ, ಚಿಮ್ಮುತ್ತದೆ. ಕರಗಿದ ಸಕ್ಕರೆ ಕುದಿಯುವ ನೀರಿಗಿಂತ ಎಷ್ಟೋ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟುತ್ತದೆ. ಮುಖ ದೂರ ಇಡಿ, ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ. ತಣ್ಣನೆ ಹಾಲು ಹಾಕಿದರೆ ಕ್ಯಾರಮಲ್ ಗಾಜಿನಂತೆ ಗಡುಸಾಗುತ್ತದೆ, ಮತ್ತೆ ಕರಗಿಸುವುದು ತಲೆನೋವು.

ಆರಿದ ಮೇಲೆ ಒಂದು ಹನಿ ರುಚಿ ನೋಡಿ, ಪಕ್ಕದಲ್ಲೇ ಹುರಿದ ಖೋವಾ ಚೂರು ಬಾಯಿಗೆ ಹಾಕಿ. ಕ್ಯಾರಮಲ್‌ನಲ್ಲಿ ಸಿಹಿ, ತುಸು ಹುಳಿ, ಕೊನೆಗೆ ಸಣ್ಣ ಕಹಿ. ಖೋವಾದಲ್ಲಿ ಕಾಳು ಹುರಿದ ಥರದ ತುಂಬು ರುಚಿ. ಆ ತುಂಬು ರುಚಿ ಬರೀ ಸಕ್ಕರೆಯಿಂದ ಬರಲ್ಲ, ಪೈರಜಿನ್‌ಗೆ ಸಾರಜನಕ ಬೇಕು, ಅದು ಪ್ರೋಟೀನಿನಲ್ಲಿ ಮಾತ್ರ ಇದೆ. ಬಿಳಿ ಖೋವಾಗೆ ಬರೀ ಕ್ಯಾರಮಲ್ ಕಲಸಿ "ಧಾರವಾಡ ಪೇಡಾ" ಅನ್ನುವವರ ಪೇಡಾ ಬಣ್ಣದಲ್ಲಿ ಗೆದ್ದು ಬಾಯಲ್ಲಿ ಸೋಲುವುದು ಇದಕ್ಕೇ.

## ಹಂತ 4: ಸಿಹಿ ಸೇರಿಸುವುದು, ಕಟ್ಟುವುದು

ಹುರಿದ ಖೋವಾ ಇನ್ನೂ ಬೆಚ್ಚಗಿರುವಾಗ 90 ಗ್ರಾಂ ಸಕ್ಕರೆಯನ್ನು ಎರಡು ಕಂತಿನಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಬೆರೆಸಿ. ಸಕ್ಕರೆ ಕರಗಿ ಎಲ್ಲ ಮತ್ತೆ ತೇವ ಆದಂತೆ ಕಾಣುತ್ತದೆ. ಗಾಬರಿ ಬೇಡ. ಕ್ಯಾರಮಲ್ ಹಾಲನ್ನೂ ಈಗಲೇ ಹಾಕಿ. ಹಂತ 3 ಬಿಟ್ಟವರು ಸಕ್ಕರೆ ಪೂರ್ತಿ 120 ಗ್ರಾಂ ಹಾಕಲಿ, ಮೂರು ನಾಲ್ಕು ಚಮಚ ಹಾಲು ಸೇರಿಸಲಿ.

ಸಕ್ಕರೆಯನ್ನು ಹಂತ 2ರಲ್ಲೇ ಹಾಕಿದ್ದರೆ ಏನಾಗುತ್ತಿತ್ತು ಅಂತ ಈಗ ಕಣ್ಣಿಗೇ ಕಾಣುತ್ತದೆ, ಅಲ್ವಾ? ಸಕ್ಕರೆ ನೀರನ್ನು ಹಿಡಿದಿಟ್ಟುಕೊಂಡು ಪಾಕವಾಗುತ್ತದೆ. ಖೋವಾ ಆರಲ್ಲ, ಆರದೆ ಬಣ್ಣ ಬರಲ್ಲ, ಬಣ್ಣಕ್ಕಾಗಿ ಕುದಿಸುತ್ತಾ ಹೋದರೆ ಪಾಕ ಗಟ್ಟಿಯಾಗಿ ಪೇಡಾ ಕಲ್ಲಾಗುತ್ತದೆ.

ಒಟ್ಟು ತೂಕ ಅರ್ಧ ಕಿಲೋ ಆಸುಪಾಸಿಗೆ ಬಂದಾಗ ಇಳಿಸಿ. ಅದಕ್ಕಿಂತ ಬಹಳ ಕೆಳಗೆ ಹೋಗಿದ್ದರೆ ಒಂದೆರಡು ಚಮಚ ಬಿಸಿ ಹಾಲು ಸೇರಿಸಿ. ಏಲಕ್ಕಿ, ಉಳಿದ ತುಪ್ಪ ಬೆರೆಸಿ, ಆರುವವರೆಗೂ ಆಗಾಗ ಕೈಯಾಡಿಸಿ. ಸುಮ್ನೆ ಬಿಟ್ಟರೆ ಲ್ಯಾಕ್ಟೋಸ್ ನಿಧಾನವಾಗಿ ದೊಡ್ಡ ಹರಳಾಗುತ್ತದೆ, ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಧಾರವಾಡ ಪೇಡಾ ತರಿತರಿಯಾಗಿರಬೇಕು ನಿಜ, ಆದರೆ ಬಾಯಲ್ಲಿ ಕರಗುವ ತರಿ.

ಉಗುರು ಬೆಚ್ಚಗಿರುವಾಗ ಮಿಕ್ಸಿಯಲ್ಲಿ ಎರಡು ಮೂರು ಸಲ ತಿರುಗಿಸಿ ಬಿಡಿ, ನುಣ್ಣಗೆ ಅರೆಯಬೇಡಿ, ಬೆಣ್ಣೆಯಂತಾಗಿ ಜಿಡ್ಡು ಬಿಡುತ್ತದೆ. 25 ಗ್ರಾಂನಷ್ಟು ತೆಗೆದು ಒತ್ತಿ ಕಟ್ಟಿದರೆ ಇಪ್ಪತ್ತು ಪೇಡಾ ಬರುತ್ತದೆ. ಪೂರ್ತಿ ತಣ್ಣಗಾದ ಮೇಲೆ ಪುಡಿ ಸಕ್ಕರೆಯಲ್ಲಿ ಹೊರಳಿಸಿ. ಬೆಚ್ಚಗಿರುವಾಗ ಹೊರಳಿಸಿದರೆ ಪುಡಿ ನೀರಾಗುತ್ತದೆ.

## ಕೆಟ್ಟಿತು ಅನ್ನಿಸಿದಾಗ

ಬಣ್ಣ ಬಂದಿಲ್ಲ, ಆದರೆ ಒಣಗಿ ಪುಡಿಯಾಗಿದೆ: ಲ್ಯಾಕ್ಟೋಸ್ ಕಡಿಮೆ. ಹಾಲಿನ ಪುಡಿಯನ್ನು ಹಾಲಿನಲ್ಲಿ ಕಲಸಿ ಹಾಕಿ, ಹಂತ 2 ಮುಂದುವರಿಸಿ.

ಬಣ್ಣ ಬಂದಿಲ್ಲ, ಇನ್ನೂ ಮುದ್ದೆಯಾಗಿದೆ: ನೀರು ಹೋಗಿಲ್ಲ. ಅಗಲ ಬಾಣಲೆಗೆ ಬದಲಾಯಿಸಿ, ತೆಳ್ಳಗೆ ಹರಡಿ.

ಕಪ್ಪು ಚುಕ್ಕೆ ಕಂಡಿತು: ಬಾಣಲೆಯ ತಳ ಮುಟ್ಟದೆ ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ತೆಗೆಯಿರಿ. ಕೆರೆಯಬೇಡಿ. ಕಹಿ ಇರುವುದು ಆ ತಳದಲ್ಲೇ, ಹಾಲು ಸಕ್ಕರೆ ಎಷ್ಟು ಸುರಿದರೂ ಅದು ಮುಚ್ಚಲ್ಲ.

## ಪೋಷಕಾಂಶಕ್ಕೆ ಏನಾಗುತ್ತದೆ

ಮುಖ್ಯವಾಗಿ ನಷ್ಟ ಆಗುವುದು ಲೈಸಿನ್. ನಮ್ಮ ಅಕ್ಕಿ, ಗೋಧಿ, ಜೋಳದಲ್ಲಿ ಅದು ಕಡಿಮೆ, ಹಾಲು ಮತ್ತು ಬೇಳೆ ಆ ಕೊರತೆ ತುಂಬುತ್ತವೆ. ಮೈಲಾರ್ಡ್ ಕ್ರಿಯೆಯಲ್ಲಿ ಲ್ಯಾಕ್ಟೋಸ್ ಹಿಡಿದುಕೊಂಡ ಲೈಸಿನ್ ನಮ್ಮ ದೇಹಕ್ಕೆ ದಕ್ಕಲ್ಲ. ಇನ್ನೊಂದು ಗಮನಿಸಿ: ಈ ಹಿಡಿತ ಬಣ್ಣ ಕಾಣುವ ಮುಂಚೆಯೇ ಶುರುವಾಗಿರುತ್ತದೆ. ಬೆಳ್ಳಗಿನ ಖೋವಾದಲ್ಲೂ ಸ್ವಲ್ಪ ಹೋಗಿರುತ್ತದೆ, ಕಂದಾದಷ್ಟೂ ಜಾಸ್ತಿ. ಹಾಗಾಗಿ ಪೇಡಾದ ಪ್ರೋಟೀನನ್ನು ಹಾಲಿನ ಪ್ರೋಟೀನಿಗೆ ಸಮ ಅಂತ ಲೆಕ್ಕ ಹಾಕಬೇಡಿ. ಒಂದೆರಡು ಪೇಡಾ ತಿನ್ನುವವರಿಗೆ ಇದರಿಂದ ಏನೂ ಆಗಲ್ಲ. ಹಾಲೇ ಮುಖ್ಯ ಊಟವಾಗಿರುವ ಎಳೆ ಮಕ್ಕಳ ವಿಷಯದಲ್ಲಿ, ಹಾಲಿನ ಪುಡಿ ತಯಾರಿಸುವವರು ಬಿಸಿಯ ಮೇಲೆ ಕಣ್ಣಿಡುವುದಕ್ಕೆ ಇದೂ ಒಂದು ಕಾರಣ.

ಕ್ಯಾಲ್ಸಿಯಂ ಖನಿಜ, ಬಿಸಿಗೆ ಎಲ್ಲೂ ಹೋಗಲ್ಲ. ಬಿ1ರಂಥ ವಿಟಮಿನ್ ಮಾತ್ರ ಇಷ್ಟು ಹೊತ್ತಿನ ಬಿಸಿಗೆ ಕಡಿಮೆಯಾಗುತ್ತದೆ.

ಆಲೂ ಚಿಪ್ಸ್ ವಿಷಯದಲ್ಲಿ ಕೇಳುವ ಅಕ್ರಿಲಮೈಡ್ ಭಯ ಇಲ್ಲಿ ಹೆಚ್ಚು ಬೇಡ. ಅದು ಹುಟ್ಟಲು ಆಸ್ಪರಾಜಿನ್ ಅನ್ನೋ ಅಮೈನೋ ಆಮ್ಲ ಬಿಡಿಯಾಗಿ ಸಿಗಬೇಕು, ಬಿಸಿ 120 ಡಿಗ್ರಿ ದಾಟಬೇಕು. ಆಲೂಗಡ್ಡೆಯಲ್ಲಿ ಅದು ಧಾರಾಳ, ಹಾಲಿನಲ್ಲಿ ತೀರಾ ಕಡಿಮೆ.

"ಕಂದಾದ ಮೇಲೆ ಸಕ್ಕರೆ ಕಡಿಮೆಯಾಗುತ್ತದಂತೆ" ಅನ್ನೋ ಮಾತೂ ಇದೆ. ಲೆಕ್ಕ ನೋಡಿ. 120 ಗ್ರಾಂ ಸಕ್ಕರೆ, ಜೊತೆಗೆ 2 ಲೀಟರ್ ಹಾಲಿನ ಸುಮಾರು 100 ಗ್ರಾಂ ಲ್ಯಾಕ್ಟೋಸ್. ಇಪ್ಪತ್ತು ಪೇಡಾಗೆ ಹಂಚಿದರೆ ಒಂದಕ್ಕೆ 11 ಗ್ರಾಂ, ಹೊರಗಿನ ಪುಡಿ ಬೇರೆ. ಬಣ್ಣಕ್ಕೆ ಖರ್ಚಾಗುವುದು ಇದರಲ್ಲಿ ಸಣ್ಣ ಪಾಲು. ಸಕ್ಕರೆ ಕಾಯಿಲೆ ಇರುವವರಿಗೂ, ಹಾಲು ಜೀರ್ಣವಾಗದವರಿಗೂ ಹುರಿದದ್ದರಿಂದ ಏನೂ ರಿಯಾಯಿತಿ ಸಿಗಲ್ಲ.

## ಇಡುವುದು

ಗಾಳಿಯಾಡದ ಡಬ್ಬಿಯಲ್ಲಿ, ಒದ್ದೆ ಕೈ ತಾಗದಂತೆ ಇಡಿ. ನೀರು ಕಡಿಮೆ ಇರುವುದರಿಂದ ಬಿಳಿ ಪೇಡಾಗಿಂತ ಜಾಸ್ತಿ ದಿನ ಬರುತ್ತದೆ. ಹುಳಿ ವಾಸನೆ ಅಥವಾ ಬೂಸ್ಟು ಕಂಡರೆ ಎಸೆಯಿರಿ. ಡಬ್ಬಿಯಲ್ಲೇ ದಿನಗಳೆದಂತೆ ಬಣ್ಣ ತುಸು ಗಾಢವಾದರೆ ಅದು ಕೆಟ್ಟ ಗುರುತಲ್ಲ, ಮೈಲಾರ್ಡ್ ಕ್ರಿಯೆ ಕೋಣೆಯ ಬಿಸಿಯಲ್ಲೂ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಬೇಡ ಅಂದರೆ ಫ್ರಿಜ್‌ನಲ್ಲಿಡಿ, ತಿನ್ನುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ.